ಕಂಪ್ಯೂಟರುಗಳ ಹಾಜರಿ

ನಾಗಮಂಗಲದ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರು, ಕೇಬಲ್ಲು, ಇಂಟರ್ನೆಟ್ಟು ನೋಡಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಸೇರಿದಾಗ ಅಲ್ಲಿ ಇದ್ದದ್ದು ಆರು ಕಂಪ್ಯೂಟರು. ಪ್ರತಿಯೊಂದಕ್ಕೂ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸಲು ಒಂದು ಗಿಡ್ಡ ವಿಳಾಸ ಕೊಟ್ಟು, ಮಾರ್ಕರ್ ಪೆನ್ನಿನಲ್ಲಿ ಅದರ ನೆತ್ತಿಯ ಮೇಲೆ ಬರೆದಿದ್ದೆ. ಒಂದು ಯಂತ್ರಕ್ಕೆ ಒಂದು ನಂಬರು, ಸಾಯುವ ತನಕ ಅದೇ ನಂಬರು. ಆ ಅಭ್ಯಾಸ ನನ್ನ ಮೈಗೆ ಎಷ್ಟು ಅಂಟಿತ್ತೆಂದರೆ, ಇಪ್ಪತ್ತು ವರ್ಷ ಕಳೆದು ಕಾಲೇಜಿಗೆ ಹೊಸ ಇಂಟರ್ನೆಟ್ ಲೈನು ಬಂದು, ಅದರ ಜೊತೆಗೆ ಉದ್ದ ವಿಳಾಸ ಬಂದಾಗಲೂ ನಾನು ಮಾಡಿದ್ದು ಅದನ್ನೇ.

ಉದ್ದ ವಿಳಾಸ ಅಂದರೆ ನಿಜಕ್ಕೂ ಉದ್ದ. ಅಂಕಿ, ಅಕ್ಷರ, ನಡುನಡುವೆ ಜೋಡಿ ಚುಕ್ಕೆ. ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ. ಯಂತ್ರದ ನೆತ್ತಿಯ ಮೇಲೆ ಬರೆಯಲು ಜಾಗವಿಲ್ಲದೆ ನಾನು ಹಳೆಯ ಹಾಜರಿ ಪುಸ್ತಕವೊಂದನ್ನು ತಂದೆ. ವಿದ್ಯಾರ್ಥಿಯ ಹೆಸರಿನ ಕಾಲಮಿನಲ್ಲಿ ಯಾವ ಕೊಠಡಿಯ ಕಂಪ್ಯೂಟರ್ ಎಂದು, ಅದರ ಮುಂದೆ ವಿಳಾಸ. ಆ ವರ್ಷದ ತರಗತಿ ಶುರುವಾದ ವಾರ ಪ್ರತಿಯೊಬ್ಬರ ಕುರ್ಚಿಯ ಹತ್ತಿರ ಹೋಗಿ, ಅವರ ಯಂತ್ರದಿಂದ, ಎಲ್ಲರ ಕಡತಗಳನ್ನೂ ಇಡುವ ನಮ್ಮ ಸರ್ವರಿನ ಪುಟ ತೆರೆದು, ಅಲ್ಲಿ ಮೂಡಿದ ವಿಳಾಸವನ್ನು ಅಕ್ಷರ ತಪ್ಪದಂತೆ ಬರೆದುಕೊಂಡೆ. ನನ್ನದೂ ಸೇರಿ ಸಿಬ್ಬಂದಿಯ ಹದಿನಾಲ್ಕು ಕಂಪ್ಯೂಟರು, ಸ್ಕ್ಯಾನು ಮಾಡುವ ಒಂದು ಜೆರಾಕ್ಸ್ ಯಂತ್ರ. ಲ್ಯಾಬಿನ ಹುಡುಗರ ಕಂಪ್ಯೂಟರುಗಳಿಗೆ ಬೇರೆಯೇ ಲೈನು, ಅವಕ್ಕೆ ಸರ್ವರು ಸಿಗುವುದಿಲ್ಲ. ಎಲ್ಲರೂ ನಕ್ಕರು, ಕಂಪ್ಯೂಟರಿಗೂ ಹಾಜರಿ ತಗೋತಾರೆ ಎಂದರು. ನನಗೆ ಹೆಮ್ಮೆಯೇ ಆಗಿತ್ತು.

ಎರಡು ತಿಂಗಳ ನಂತರ ಒಂದು ಶನಿವಾರ ಬೆಂಕಿ ಹತ್ತಿತು. ಹಿಂದಿನ ದಿನ ಒಂದು ವಿಭಾಗದಲ್ಲಿ ನಡೆದ ಕಿರುಪರೀಕ್ಷೆಯ ಪ್ರಶ್ನೆಗಳು ಹುಡುಗರಿಗೆ ಮೊದಲೇ ಗೊತ್ತಿದ್ದವಂತೆ. ಆ ವಿಭಾಗದ ಮುಖ್ಯಸ್ಥರು, ಅಂದರೆ ಪ್ರಶ್ನೆ ತೆಗೆದವರೇ, ಪ್ರಿನ್ಸಿಪಾಲರ ಎದುರು ಕೂತು ಕೂಗಾಡಿದರು. ಪ್ರಶ್ನೆಪತ್ರಿಕೆಯನ್ನು ಬುಧವಾರ ಪೆನ್‌ಡ್ರೈವಿನಲ್ಲಿ ತಂದು, ನನ್ನ ಎದುರಿಗೇ ಸರ್ವರಿಗೆ ಹಾಕಿಸಿದ್ದರು. ಸರ್ವರಿಗೆ ಎಲ್ಲರದೂ ಒಂದೇ ಪಾಸ್‌ವರ್ಡು, ಆದ್ದರಿಂದ ಹೆಸರು ಸಿಗುವುದಿಲ್ಲ. ಆದರೆ ಯಾವ ವಿಳಾಸದಿಂದ ಯಾವ ಕಡತ ಎಷ್ಟು ಹೊತ್ತಿಗೆ ತೆರೆಯಿತು ಎಂಬುದನ್ನು ಅದು ದಾಖಲಿಸಿಕೊಳ್ಳುತ್ತದೆ. ನಾಡಿದ್ದು ಸೋಮವಾರ ಬೆಳಿಗ್ಗೆ ಹಿಡಿದುಕೊಡುತ್ತೇನೆ ಎಂದು ನಾನೇ ಮಾತು ಕೊಟ್ಟೆ. ಯಾರೂ ಕೇಳಿರಲಿಲ್ಲ.

ಸೋಮವಾರ ದಾಖಲೆಯಲ್ಲಿ ಆ ಕಡತದ ಹೆಸರು ಹಾಕಿ ಹುಡುಕಿದೆ. ಪರೀಕ್ಷೆಗೆ ಮುಂಚಿನದು ಒಂದೇ ಸಾಲು ಸಿಕ್ಕಿತು. ಗುರುವಾರ ಮಧ್ಯಾಹ್ನ ಒಂದೂ ನಲವತ್ತಕ್ಕೆ, ಊಟದ ಹೊತ್ತಿನಲ್ಲಿ, ಯಾರೋ ಅದನ್ನು ಓದಿದ್ದರು. ವಿಳಾಸದ ಮೊದಲರ್ಧ ನಮ್ಮ ಕಾಲೇಜಿನದೇ. ಅದು ನಮ್ಮಲ್ಲಿ ಎಲ್ಲ ಯಂತ್ರಕ್ಕೂ ಒಂದೇ. ಯಾವ ಯಂತ್ರ ಎಂದು ಹೇಳಬೇಕಾದದ್ದು ಹಿಂದರ್ಧ. ಅದನ್ನು ಹಾಜರಿ ಪುಸ್ತಕದಲ್ಲಿ ಬೆರಳಿಟ್ಟು ಹುಡುಕಿದೆ. ಹದಿನೈದರಲ್ಲಿ ಒಂದೂ ಅಲ್ಲ. ಎರಡನೇ ಸಲ ನೋಡಿದೆ. ಅಲ್ಲ. ಅಂದ ಮೇಲೆ ಇದು ಪುಸ್ತಕದಲ್ಲಿ ಇಲ್ಲದ ಯಂತ್ರ, ಹೊರಗಿನಿಂದ ತಂದದ್ದು. ಸಿಬ್ಬಂದಿಯ ಲೈನಿಗೆ ಸ್ವಂತ ಲ್ಯಾಪ್‌ಟಾಪು ಹಾಕಿಕೊಳ್ಳುತ್ತಿದ್ದವರು ಇಡೀ ಕಾಲೇಜಿನಲ್ಲಿ ಒಬ್ಬರೇ, ಲ್ಯಾಬಿನ ಬೋಧಕಿ.

ಆಕೆ ಶೀಳನೆರೆ ಕಡೆಯ ಹೆಣ್ಣುಮಗಳು. ಬೇಸಾಯದ ಮನೆ, ಆ ಮನೆಯಲ್ಲಿ ಸಂಬಳ ತರುವ ಮೊದಲನೇ ಜನ. ವರ್ಷ ವರ್ಷಕ್ಕೆ ನವೀಕರಿಸುವ ಗುತ್ತಿಗೆಯ ಕೆಲಸ, ಆ ವರ್ಷದ ನವೀಕರಣ ಮುಂದಿನ ವಾರವೇ ಇತ್ತು. ಕಾಲೇಜು ಕಂಪ್ಯೂಟರು ಕೊಡಲಿಲ್ಲವೆಂದು ತಾನೇ ಒಂದು ಲ್ಯಾಪ್‌ಟಾಪು ತಂದು, ಅದರಲ್ಲಿ ಕಾಲೇಜಿನ ಕೆಲಸ ಮಾಡುತ್ತಿದ್ದಳು. ನನಗೆ ಆಕೆಯ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಆದರೆ ಲೆಕ್ಕ ತಾಳೆಯಾದಾಗ ಒಂಥರಾ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಪ್ರಿನ್ಸಿಪಾಲರ ಕೊಠಡಿಗೆ ಪುಸ್ತಕ ಹಿಡಿದುಕೊಂಡು ಹೋದೆ.

ಆಕೆಯನ್ನು ಕರೆಸಿದರು. ಗುರುವಾರ ಊಟದ ಹೊತ್ತಿನಲ್ಲಿ ಲ್ಯಾಬಿನಲ್ಲೇ ಇದ್ದೆ, ಲ್ಯಾಪ್‌ಟಾಪು ಆನ್ ಇತ್ತು ಎಂದು ಆಕೆಯೇ ಒಪ್ಪಿಕೊಂಡಳು. ಆ ಕಡತ ಮುಟ್ಟಿಲ್ಲ ಎಂದಳು. ಮುಖ್ಯಸ್ಥರು ಮೇಜು ಕುಟ್ಟಿದರು. ನಾನು ಪುಸ್ತಕ ತೋರಿಸಿ, ಎಲ್ಲರ ಲೆಕ್ಕವೂ ಇದರಲ್ಲಿದೆ, ನಿಮ್ಮದೊಂದೇ ಇಲ್ಲ ಎಂದೆ. ಆಕೆ ಅಳಲಿಲ್ಲ. ನಾಳೆ ಮಧ್ಯಾಹ್ನ ಮೂರು ಗಂಟೆಯೊಳಗೆ ತಾನಾಗಿ ರಾಜೀನಾಮೆ ಬರೆದುಕೊಟ್ಟರೆ ವಿಷಯ ಇಲ್ಲಿಗೇ ಮುಗಿಯುತ್ತದೆ, ಇಲ್ಲದಿದ್ದರೆ ಆಡಳಿತ ಮಂಡಳಿಗೆ ಬರೆಯಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರು. ಹಾಗೆ ಬರೆದರೆ ಸುತ್ತಮುತ್ತಲ ಯಾವ ಕಾಲೇಜಿನಲ್ಲೂ ಆಕೆಗೆ ಕೆಲಸ ಸಿಗುವುದಿಲ್ಲವೆಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಂಜೆ ಆಕೆಯ ಲ್ಯಾಪ್‌ಟಾಪಿನಲ್ಲಿ ಅದೇ ಸರ್ವರಿನ ಪುಟ ತೆರೆಸಿ, ಆ ದಿನದ ವಿಳಾಸ ಬರೆದುಕೊಂಡೆ. ಅದು ಗುರುವಾರದ ವಿಳಾಸವಾಗಿರಲಿಲ್ಲ. ಬೇಕಂತಲೇ ಬದಲಾಯಿಸಿರಬೇಕು ಎಂದುಕೊಂಡೆ. ಆ ವಿಳಾಸ ಸರ್ವರಿನ ಒಳಗೆ ಬರಕೂಡದು ಎಂದು ನಿಯಮ ಹಾಕಿ ಮನೆಗೆ ಹೋದೆ. ಮಂಗಳವಾರ ಬೆಳಿಗ್ಗೆ ಲ್ಯಾಬಿಗೆ ಹೋಗಿ ನೋಡುತ್ತೇನೆ, ಆಕೆ ಸರ್ವರಿನಲ್ಲೇ ಹುಡುಗರ ಅಂಕ ತುಂಬುತ್ತಿದ್ದಾಳೆ! ವಿಳಾಸ ನೋಡಿದರೆ ಮತ್ತೊಂದು. ನನ್ನ ತಲೆ ಕೆಟ್ಟುಹೋಯಿತು. ಹುಡುಗರು ಇನ್ನೂ ಬಂದಿರಲಿಲ್ಲ, ಬಾಯಿಗೆ ಬಂದಂತೆ ಅಂದೆ. ಕಳ್ಳತನ ಮಾಡಿದ್ದಲ್ಲದೆ ದಿನಕ್ಕೊಂದು ನಂಬರ್ ಪ್ಲೇಟು ಹಾಕಿಕೊಂಡು ಓಡಾಡುತ್ತೀಯಾ ಎಂದೆ. ಅಲ್ಲಿಯವರೆಗೆ ಆಕೆಗೆ ನಾನು ಬಹುವಚನವನ್ನೇ ಹಾಕುತ್ತಿದ್ದೆ.

ಆಕೆ ಕೀಲಿಮಣೆಯಿಂದ ಕೈ ತೆಗೆದು ಎದ್ದು ನಿಂತಳು.

"ನಾನೇನೂ ಬದ್ಲಾಯಿಸಿಲ್ಲ ಸಾರ್. ಅದು ಅದಾಗದೇ ಬದ್ಲಾಯ್ತದೆ. ನಿಮ್ ಕಂಪ್ಯೂಟ್ರುದೂ ಇವತ್ತೊಂದ್ಸತಿ ಆಜ್ರಿ ತಗಳಿ."

ನಾನು ನನ್ನ ಕೊಠಡಿಗೆ ಬಂದೆ. ಆಕೆಯ ಬಾಯಿ ಮುಚ್ಚಿಸಬೇಕೆಂದೇ ನನ್ನ ಯಂತ್ರದಿಂದ ಸರ್ವರಿನ ಪುಟ ತೆರೆದೆ. ಮೂಡಿದ ವಿಳಾಸಕ್ಕೂ, ಪುಸ್ತಕದಲ್ಲಿ ನನ್ನ ಯಂತ್ರದ ಮುಂದೆ ನನ್ನದೇ ಕೈಬರಹದಲ್ಲಿ ಇದ್ದ ವಿಳಾಸಕ್ಕೂ ಹಿಂದರ್ಧದಲ್ಲಿ ಒಂದಕ್ಷರವೂ ತಾಳೆಯಿರಲಿಲ್ಲ. ಆಫೀಸಿಗೆ ಓಡಿ ಗುಮಾಸ್ತರ ಯಂತ್ರ ನೋಡಿದೆ. ಬೇರೆ. ಲೈಬ್ರರಿಯದು ಬೇರೆ. ಊಟವನ್ನೂ ಬಿಟ್ಟು ಒಂದೊಂದಾಗಿ ಎಲ್ಲವನ್ನೂ ನೋಡಿದೆ. ಹದಿನೈದರಲ್ಲಿ ಪುಸ್ತಕಕ್ಕೆ ಸರಿಹೊಂದಿದ್ದು ಜೆರಾಕ್ಸ್ ಯಂತ್ರವೊಂದೇ. ಅದು ಹಳೆಯ ಕಾಲದ್ದು, ಕಾರ್ಖಾನೆಯಲ್ಲೇ ಕೊಟ್ಟ ತನ್ನ ನಂಬರಿನಿಂದಲೇ ವಿಳಾಸ ಕಟ್ಟಿಕೊಂಡು ಅದನ್ನೇ ಇಟ್ಟುಕೊಳ್ಳುತ್ತದೆ. ಉಳಿದವೆಲ್ಲ ಹೊರಗೆ ಮಾತಾಡಲು ತಾವೇ ಹಿಂದರ್ಧವನ್ನು ಮನಬಂದಂತೆ ಹುಟ್ಟಿಸಿಕೊಂಡು, ಒಂದು ದಿನ ಬಳಸಿ, ಮಾರನೆಯ ದಿನ ಹೊಸದು ತೆಗೆದುಕೊಳ್ಳುತ್ತಿದ್ದವು. ಹೊರಗಿನ ತಾಣಗಳು ಒಂದೇ ವಿಳಾಸ ಹಿಡಿದು ಒಬ್ಬರ ಬೆನ್ನು ಹತ್ತದಿರಲಿ ಎಂದು ಮಾಡಿದ ಏರ್ಪಾಡು ಅದು. ಲೈನು ಹಾಕಿದವರು ಕೊಟ್ಟಿದ್ದ ಕಾಗದದಲ್ಲಿ ಎರಡು ಸಾಲು ಈ ಬಗ್ಗೆ ಇತ್ತು. ನಾನು ಓದಿರಲಿಲ್ಲ. ನನಗೆ ಗೊತ್ತಿಲ್ಲದ್ದೇನು ಇದ್ದೀತು ಎಂಬ ಕೊಬ್ಬು.

ಮತ್ತೆ ಕುರ್ಚಿಗೆ ಬಂದು, ಕಪ್ಪು ಪರದೆಯಲ್ಲಿ ನನ್ನ ಯಂತ್ರದ ವಿಳಾಸಗಳೆಲ್ಲವನ್ನೂ ತೋರಿಸುವ ಆದೇಶ ಕೊಟ್ಟೆ. ಆಗ ತಿಳಿಯಿತು, ಒಂದು ಯಂತ್ರಕ್ಕೆ ಒಂದೇ ವಿಳಾಸವೂ ಅಲ್ಲ. ಹಳೆಯವು ಕೂಡಲೇ ಹೋಗುವುದಿಲ್ಲ. ಹೊಸ ಕೆಲಸಕ್ಕೆ ಬಳಕೆಯಾಗದಿದ್ದರೂ, ಯಂತ್ರ ಆಫ್ ಮಾಡದಿದ್ದರೆ ಒಂದು ವಾರ ಪಟ್ಟಿಯಲ್ಲಿ ಉಳಿದಿರುತ್ತವೆ. ನನ್ನ ಯಂತ್ರವನ್ನು ನಾನು ಆರಿಸುತ್ತಲೇ ಇರಲಿಲ್ಲ. ಇವತ್ತಿನದೊಂದು, ಅದರ ಕೆಳಗೆ ನಿನ್ನೆಯದು, ಮೊನ್ನೆಯದು. ಕಣ್ಣು ಕೆಳಗಿಳಿಯುತ್ತಾ ಹೋಗಿ ಒಂದು ಸಾಲಿನ ಮೇಲೆ ನಿಂತಿತು.

ಗುರುವಾರದ ವಿಳಾಸ. ಕಳ್ಳನದೆಂದು ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ ಅದೇ ವಿಳಾಸ, ಜೋಡಿ ಚುಕ್ಕೆಯೂ ತಪ್ಪದೆ.

ಊಟದ ಹೊತ್ತಿನಲ್ಲಿ ನಾನು ಯಾವತ್ತೂ ಕೊಠಡಿಯಲ್ಲಿ ಇರುವುದಿಲ್ಲ, ಮತ್ತೆ ಓದಿದವರು ಯಾರು? ಆಮೇಲೆ ನೆನಪಾಯಿತು. ಸರ್ವರು ಕೆಟ್ಟರೆ ಇರಲಿ ಎಂದು, ಅದರಲ್ಲಿ ಹೊಸದಾಗಿ ಬಂದ ಕಡತಗಳನ್ನು ಮಾತ್ರ ನಕಲು ಮಾಡಿಕೊಳ್ಳುವಂತೆ ನನ್ನ ಯಂತ್ರಕ್ಕೆ ಹೇಳಿಟ್ಟಿದ್ದೆ. ಯಾರಿಗೂ ತೊಂದರೆಯಾಗಬಾರದೆಂದು ಊಟದ ಹೊತ್ತು ಇಟ್ಟಿದ್ದೆ. ಇಟ್ಟು ಮರೆತಿದ್ದೆ. ಬುಧವಾರ ಸಂಜೆ ಬಂದ ಪ್ರಶ್ನೆಪತ್ರಿಕೆಯನ್ನು ಗುರುವಾರ ಒಂದೂ ನಲವತ್ತಕ್ಕೆ ನನ್ನ ಯಂತ್ರ ತನ್ನ ಪಾಡಿಗೆ ತಾನು ನಕಲು ಮಾಡಿಕೊಂಡಿತ್ತು. ಅಷ್ಟೇ ಆಗಿದ್ದದ್ದು.

ಮಧ್ಯಾಹ್ನ ಎರಡೂಮುಕ್ಕಾಲಾಗಿತ್ತು, ಆಕೆಯ ಗಡುವಿಗೆ ಇನ್ನು ಕಾಲು ಗಂಟೆ. ಈಗ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಪಟ್ಟಿ ನನ್ನೊಬ್ಬನ ಕಣ್ಣಿಗೆ ಬಿದ್ದಿತ್ತು. ಯಂತ್ರ ಒಂದು ಸಲ ಆರಿಸಿ ಹಚ್ಚಿದರೆ ಹಳೆಯ ವಿಳಾಸಗಳೆಲ್ಲ ಮಾಯ, ಯಾರಪ್ಪನಿಂದಲೂ ಕಂಡುಹಿಡಿಯಲಾಗುವುದಿಲ್ಲ. ಕೈ ಅದರ ಗುಂಡಿಯ ಹತ್ತಿರ ಹೋಗಿತ್ತು ಕೂಡ. ಆದರೆ ಒತ್ತಲಿಲ್ಲ, ಪರದೆಯನ್ನು ಪ್ರಿಂಟು ತೆಗೆದುಕೊಂಡು ಎದ್ದೆ.

ಪ್ರಿನ್ಸಿಪಾಲರ ಬಾಗಿಲಲ್ಲಿ ಆಕೆ ಮಡಿಸಿದ ಕಾಗದ ಹಿಡಿದು ನಿಂತಿದ್ದಳು. ಅವಳನ್ನು ದಾಟಿ ಒಳಗೆ ಹೋಗಿ, ಮುಖ್ಯಸ್ಥರ ಎದುರೇ ಎಲ್ಲವನ್ನೂ ಹೇಳಿದೆ. ಆ ಕಡತ ತೆರೆದದ್ದು ನನ್ನ ಯಂತ್ರ. ಪರೀಕ್ಷೆಗೆ ಮುಂಚೆ ಅದನ್ನು ಬಿಟ್ಟು ಬೇರೆ ಯಾರೂ ತೆರೆದಿಲ್ಲ. ನನ್ನ ಪುಸ್ತಕ ಬರೆದ ಮಾರನೆಯ ದಿನಕ್ಕೇ ಸುಳ್ಳಾಗಿತ್ತು. ಪ್ರಿನ್ಸಿಪಾಲರು ಪ್ರಿಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ್ಯಸ್ಥರು ಮೆಲ್ಲಗೆ, "ಇದ್ನ ಯಾಕ್ರೀ ದೊಡ್ದು ಮಾಡ್ತೀರಿ, ಎಂಗೂ ಆವಮ್ಮ ಬರ್ಕಂಡ್ ಬಂದವ್ಳೆ" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. ಹಾಗಾದರೆ ನನ್ನ ರಾಜೀನಾಮೆಯನ್ನೂ ಬರೆಸಿಕೊಳ್ಳಿ ಎಂದೆ. ಪ್ರಿನ್ಸಿಪಾಲರು ಆಕೆಯನ್ನು ಒಳಗೆ ಕರೆದು, ಕಾಗದ ಬೇಡ, ಹೋಗಿ ಕ್ಲಾಸು ನೋಡಿಕೊಳ್ಳಿ ಎಂದರು. ಗುತ್ತಿಗೆಯೂ ಮುಂದಿನ ವಾರ ನವೀಕರಣವಾಯಿತು. ಹುಡುಗರಿಗೆ ಪ್ರಶ್ನೆ ಗೊತ್ತಾದದ್ದು ಹೇಗೆಂಬುದೂ ಎರಡು ದಿನಕ್ಕೆ ತಿಳಿಯಿತು: ಮುಖ್ಯಸ್ಥರು ಹೋದ ವರ್ಷದ ಪ್ರಶ್ನೆಗಳನ್ನೇ ದಿನಾಂಕ ಬದಲಾಯಿಸಿ ಕೊಟ್ಟಿದ್ದರು. ನಾನು ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡು ಮಾಡಿದೆ. ಯಂತ್ರಗಳ ಮೇಲಿನ ನಿಯಮಗಳನ್ನು ವಿಳಾಸದಿಂದ ತೆಗೆದು, ಕೇಬಲ್ಲು ಚುಚ್ಚುವ ಕಿಂಡಿಗೆ ಕಟ್ಟಿದೆ. ಯಾವ ವಿಳಾಸ ಯಾವ ಹೊತ್ತಿನಲ್ಲಿ ಯಾವ ಯಂತ್ರದ್ದಾಗಿತ್ತು ಎಂಬುದನ್ನು ರೂಟರಿನಿಂದ ಐದೈದು ನಿಮಿಷಕ್ಕೆ ತೆಗೆದಿಡುವ ಏರ್ಪಾಡನ್ನೂ ಮಾಡಿದೆ.

ಆದರೆ ಅದೆಲ್ಲ ಆಮೇಲಿನ ಮಾತು. ಆ ಮಂಗಳವಾರ ಪ್ರಿನ್ಸಿಪಾಲರ ಕೊಠಡಿಯಿಂದ ಹೊರಗೆ ಬಂದು, ಕಾರಿಡಾರಿನಲ್ಲಿ ಆಕೆಯನ್ನು ನಿಲ್ಲಿಸಿ ತಪ್ಪಾಯಿತಮ್ಮಾ ಎಂದೆ. ಪ್ರಿಂಟು ಇನ್ನೂ ನನ್ನ ಕೈಯಲ್ಲೇ ಇತ್ತು. ನೋಡಿ, ಇದರಲ್ಲಿ ಸ್ಪಷ್ಟವಾಗಿದೆ, ನೀವಲ್ಲ ಎಂದು ತೋರಿಸಲು ಹೋದೆ. ಆಕೆ ಅದರ ಕಡೆ ನೋಡಲಿಲ್ಲ.

"ನಾನಲ್ಲ ಅಂತ ನೆನ್ನೇನೇ ಏಳುದ್ನಲ್ಲ ಸಾರ್," ಎಂದಳು. "ನಾನೇಳ್ದಾಗ ನಂಬ್ನಿಲ್ಲ. ಕಂಪ್ಯೂಟ್ರು ಏಳ್ತು ಅಂತ ಈಗ ನಂಬುದ್ರಿ."

ಬೆಲ್ಲು ಹೊಡೆಯಿತು. ಆಕೆ ಲ್ಯಾಬಿನ ಕಡೆ ಹೋದಳು.