ನೈಟ್ ಶಿಫ್ಟಿಗೆ ಹೊಂದದ ಪ್ರೋಗ್ರಾಂ

ತಮ್ಮ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಾಗ ನನಗೆ ಸಂತೋಷವೇ ಆಗಿತ್ತು. ಗುಬ್ಬಿಯ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿ ಬದುಕೆಲ್ಲ ಬೆಲ್ಲಿನ ಲೆಕ್ಕದಲ್ಲಿ ಕಳೆದವಳು ನಾನು. ಯಾವ ವಾರ ಯಾವ ವ್ಯಾಯಾಮ, ಎಷ್ಟು ಸಲ, ನಡುವೆ ಎಷ್ಟು ವಿರಾಮ ಎಂದು ಗೆರೆ ಎಳೆದು ಬರೆದ ಕಾಗದ ಕಂಡರೆ ಮನಸ್ಸಿಗೆ ಹಿತ. ಫೋನಿನಲ್ಲಿ ಯಾವುದೋ ಪುಟದಿಂದ ಇಳಿಸಿಕೊಂಡು, ಬಟವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದ. ಹನ್ನೆರಡು ವಾರದ ಪ್ರೋಗ್ರಾಂ, ವಾರಕ್ಕೆ ಐದು ದಿನ.

ಶೆಟ್ಟಿಹಳ್ಳಿಯಲ್ಲಿ ಕೆಳಗಿನ ಮನೆ ಅವನದು, ಮೇಲಿನದು ನನ್ನದು. ಅವನಿಗೆ ನಲವತ್ತು ದಾಟಿದೆ. ಊರಾಚೆಯ ಒಂದು ಕಾರ್ಖಾನೆಯಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ್ದು, ಮೂರನೆಯ ವಾರ ರಾತ್ರಿಯದು. ಹೀಗೆ ತಿರುಗಿ ತಿರುಗಿ ಅವನ ನಿದ್ದೆಗೆ ನೆಲೆಯೇ ಇರಲಿಲ್ಲ. ಆ ವರ್ಷ ಕಾರ್ಖಾನೆಯವರು ಬೆಂಕಿ ನಂದಿಸುವ ತಂಡಕ್ಕೆ ತಮ್ಮ ಕಾರ್ಮಿಕರಿಂದಲೇ ಕೆಲವರನ್ನು ಆರಿಸಿಕೊಳ್ಳುತ್ತೇವೆ ಎಂದರು. ನೀರಿನ ಪೈಪಿನ ಸುರುಳಿ ಹೊತ್ತು ಮೂರು ಮಹಡಿ ಹತ್ತಬೇಕು, ಮರಳು ತುಂಬಿದ ಗೊಂಬೆಯನ್ನು ಎಳೆಯಬೇಕು, ಓಡಬೇಕು. ಗೆದ್ದವರಿಗೆ ಜನರಲ್ ಶಿಫ್ಟ್. ಅಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವುದು, ರಾತ್ರಿ ಮಲಗುವುದು. ಅದಕ್ಕಾಗಿ ಅವನು ಏನು ಮಾಡಲೂ ಸಿದ್ಧನಿದ್ದ.

ಎರಡನೆಯ ವಾರದ ಹೊತ್ತಿಗೆ ನನ್ನ ಸಂತೋಷ ಇಳಿಯಿತು. ಅವನು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತಿದ್ದ. ಹೊಸದಾಗಿ ಭಾರ ಎತ್ತಿದವರಿಗೆ ಒಂದೆರಡು ದಿನ ಮೈ ನೋಯುವುದು ಸಹಜ, ನನಗೆ ಗೊತ್ತು. ಇವನದು ಒಂದು ನೋವು ಹೋಗುವ ಮುಂಚೆ ಇನ್ನೊಂದು. ಊಟ ಸೇರುತ್ತಿರಲಿಲ್ಲ. ಮಾತಿಗೆ ಮೊದಲೇ ಸಿಡುಕು.

"ಮೈ ಪಳಗ್ತೈತೆ ಕಣಕ್ಕ, ಸುಮ್ನಿರು," ಎನ್ನುತ್ತಿದ್ದ.

ಅದರ ಮೇಲೆ ನಮ್ಮ ಮನೆಯ ಹಳೆಯ ಪದ್ಧತಿಯೊಂದು ಸೇರಿಕೊಂಡಿತು. ಕುಣಿಗಲ್ ಕಡೆ, ಹುತ್ರಿದುರ್ಗದ ಕೆಳಗೆ ನಮ್ಮದೊಂದು ತೆಂಗಿನ ತೋಟ. ನಾವು ಚಿಕ್ಕವರಿದ್ದಾಗ ಅಪ್ಪ ತೆಂಗಿನ ಸಸಿಗಳಿಗೆ ನೀರು ಹೊರುವ ಕೆಲಸ ಹಂಚಿದ್ದರು. ಇವತ್ತು ತಪ್ಪಿಸಿದ್ದನ್ನು ನಾಳೆಯದರ ಜೊತೆ ಸೇರಿಸಿ ಹೊರಬೇಕು, ಮಾಫಿ ಎಂಬುದಿಲ್ಲ. ತಮ್ಮ ಆ ಕಾನೂನನ್ನೇ ಜಿಮ್ಮಿಗೂ ತಂದ. ಪಾಳಿಯಿಂದಾಗಿ ಒಂದು ದಿನ ತಪ್ಪಿದರೆ ಮರುದಿನ ಎರಡೂ ದಿನದ್ದನ್ನು ಒಟ್ಟಿಗೆ ಎತ್ತುತ್ತಿದ್ದ. ರಾತ್ರಿ ಪಾಳಿಯ ವಾರವಂತೂ ತಪ್ಪಿದ ದಿನಗಳೇ ಹೆಚ್ಚು.

ಅಂಥದೊಂದು ವಾರದ ಬೆಳಿಗ್ಗೆ ಅವನು ಮನೆಗೆ ಬರುವುದು ತಡವಾಯಿತು. ಪಾಳಿ ಮುಗಿಸಿ ನೇರ ಬಟವಾಡಿಯ ಜಿಮ್ಮಿಗೆ ಹೋಗಿ, ಅಲ್ಲಿಂದ ಬೈಕಿನಲ್ಲಿ ಬರುವುದು ರೂಢಿ. ನಾನು ಎರಡು ಸಲ ಗೇಟಿಗೆ ಹೋಗಿ ಬಂದೆ. ಕೊನೆಗೆ ನಗುತ್ತಲೇ ಬಂದ, ಮೊಣಕೈ ತರಚಿತ್ತು.

"ಸಿಗ್ನಲ್‌ನಲ್ಲಿ ನಿಂತಿದ್ನಾ, ಹಂಗೇ ಕಣ್ ಮುಚ್ಕೊಂಡ್ಬುಡ್ತು. ಗಾಡಿ ವಾಲ್ತು. ಪಕ್ಕದ ಆಟೋದವ್ನು ಹಿಡ್ಕೊಂಡು, 'ಏನ್ ಸಾರ್, ಹಾಸಿಗೆ ತರ್ಲಾ, ಇಲ್ಲ ದಿಂಬೊಂದೇ ಸಾಕಾ?' ಅಂದ."

ಅವನ ಹೆಂಡತಿ ನಗಲಿಲ್ಲ. ಸಿಗ್ನಲ್ಲಿನಲ್ಲಿ ಮುಚ್ಚಿದ ಕಣ್ಣು ಹೈವೇಯಲ್ಲಿ ಮುಚ್ಚಿದ್ದರೆ? ಲಾರಿಗಳು ಒಂದರ ಬೆನ್ನಿಗೆ ಒಂದು ಹೋಗುವ ರಸ್ತೆ ಅದು.

ಅವನು ಮಲಗಿ ಎದ್ದ ಮೇಲೆ ಫ್ರಿಜ್ಜಿನ ಹಾಳೆ ಕಿತ್ತು ಮೇಜಿನ ಮೇಲಿಟ್ಟೆ. ಫೋನಿನಲ್ಲಿದ್ದ ಫೈಲನ್ನೂ ತೆರೆಸಿದೆ. ಯಾರಿಗಾಗಿ ಬರೆದದ್ದು ಎಂದು ಹುಡುಕಿದರೆ 'ಎಲ್ಲರಿಗೂ' ಎಂದಿತ್ತು. ಎಲ್ಲರಿಗೂ ಎಂದು ಬರೆದ ಮಾತ್ರಕ್ಕೆ ಆಗಿಬಿಡುತ್ತದೆಯೆ? ಅದು ಏನೇನು ಕೇಳುತ್ತದೆ ಎಂಬುದರಿಂದಲೇ ತಿಳಿಯಬೇಕಿತ್ತು.

ಮೊದಲ ಸಾಲಿನಲ್ಲೇ, ನೀನು ಒಂದೇ ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ ಇಂತಿಷ್ಟು ಪಾಲು ಎತ್ತು ಎಂದಿತ್ತು. ವಾರ ವಾರ ಆ ಪಾಲು ಏರುತ್ತಿತ್ತು.

"ನಿನ್ನ ಗರಿಷ್ಠ ಎಷ್ಟು ಅಂತ ಹೆಂಗೆ ಗೊತ್ತಾಯ್ತು?" ಎಂದೆ.

"ಅಂದಾಜಲ್ಲಿ ಹಾಕ್ದೆ. ತೆಂಗಿನಕಾಯಿ ಮೂಟೆ ಎತ್ತಲ್ವಾ ನಾನು?"

"ಮೂಟೆ ಬೆನ್ನಿಗೆ ಬೀಳುತ್ತೆ ಕಣೋ. ಜಿಮ್ಮಿನ ಸರಳು ಅಂಗೈಲಿ ನಿಲ್ಲುತ್ತೆ. ಎರಡೂ ಒಂದೇನಾ?"

ಅಂದಾಜು ದೊಡ್ಡದಾಗಿದ್ದರಿಂದ ಆಮೇಲಿನ ಪ್ರತಿ ಭಾರವೂ ದೊಡ್ಡದೇ ಆಗಿತ್ತು. ತೋಟದ ಶಕ್ತಿ ಅವನಲ್ಲಿತ್ತು, ಸುಳ್ಳಲ್ಲ. ಆದರೆ ಸರಳು ಹಿಡಿದು ಕೂತೇಳುವ, ನೆಲದಿಂದ ಎತ್ತುವ ಅಭ್ಯಾಸ ನಾಲ್ಕು ತಿಂಗಳದ್ದೂ ಇರಲಿಲ್ಲ.

ವಿಶ್ರಾಂತಿಯ ಮಾತು ಬಂದಾಗ ನಾದಿನಿ, ಎಂದರೆ ಅವನ ಹೆಂಡತಿ, ತರಕಾರಿ ಹೆಚ್ಚುತ್ತಲೇ ಹೇಳಿದಳು: "ಅಕ್ಕ, ನೈಟ್ ಶಿಫ್ಟ್ ವಾರ ಇವ್ರು ಮಲ್ಗೋದು ನಾಲ್ಕು ಗಂಟೆ ಅಷ್ಟೆ. ಪಕ್ಕದ ಮನೆ ಕಟ್ತಾವ್ರೆ, ಕಲ್ಲು ಕಟ್ ಮಾಡೋ ಮಿಷಿನ್ ಸದ್ದು. ಎದ್ದು ಎದ್ದು ಕೂತ್ಕೋತಾರೆ."

ಹಾಳೆಯಲ್ಲಿ ಭಾನುವಾರದ ಚೌಕ ಖಾಲಿ ಇತ್ತು: ಪೂರ್ತಿ ವಿಶ್ರಾಂತಿ. ಆ ಖಾಲಿ ಚೌಕದಲ್ಲಿ ಇವನು ಮಾಡುತ್ತಿದ್ದುದೇನು? ಬೆಳಿಗ್ಗೆಯೇ ತೋಟಕ್ಕೆ ಹೋಗಿ, ಕೆಡವಿದ ಕಾಯಿ ಆರಿಸಿ, ಟೆಂಪೋಗೆ ಹೊತ್ತು ಹಾಕಿ ಸಂಜೆ ಬರುತ್ತಿದ್ದ. ಬರೆದವನಿಗೆ ನಮ್ಮ ತೋಟ ಗೊತ್ತಿರಲಿಲ್ಲ. ಇವನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನು ಸಮಯ. ಒಂದು ದಿನದ ವ್ಯಾಯಾಮ ಒಂದೂವರೆ ಗಂಟೆ ಎಂದಿತ್ತು. ಹೋಗಿ ಬರುವುದು, ಸರಳು ಖಾಲಿಯಾಗುವುದನ್ನು ಕಾಯುವುದು, ಸ್ನಾನ, ಎಲ್ಲ ಸೇರಿದರೆ ಎರಡೂವರೆ. ಬೆಳಗಿನ ಪಾಳಿಯ ವಾರಕ್ಕೆ ಹೇಗೋ ಹೊಂದುತ್ತಿತ್ತು. ಅವನು ಆ ಒಳ್ಳೆಯ ವಾರವನ್ನೇ ನೆನೆದು ಪ್ರೋಗ್ರಾಂ ಆರಿಸಿದ್ದ. ನಾನು ಕೆಟ್ಟ ವಾರವನ್ನು ಮುಂದಿಟ್ಟೆ. ಐದು ದಿನ ಹೊಂದಲಿಲ್ಲ. ನಾಲ್ಕೂ ಹೊಂದಲಿಲ್ಲ.

ಅವನು ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಆಮೇಲೆ, "ನಮ್ ಸೆಕ್ಷನ್ ಹುಡ್ಗನೂ ಇದ್ನೇ ಮಾಡ್ತಾ ಅವ್ನೆ. ಎದೆ ನೋಡ್ಬೇಕು ನೀನು, ಕದ ಇದ್ದಂಗೈತೆ," ಎಂದ.

"ಅವನಿಗೆಷ್ಟು ವಯಸ್ಸು?"

"ಇಪ್ಪತ್ತೈದೋ ಆರೋ. ಕಾಲೇಜಿಂದ್ಲೂ ಜಿಮ್ಮು."

"ಮದುವೆ?"

"ಇಲ್ಲ. ಅವ್ರಮ್ಮ ತಟ್ಟೆಗೆ ಹಾಕಿ ಕೊಡ್ತಾರೆ, ತಿಂದು ಮಲಿಕ್ಕೋತಾನೆ."

"ಹಂಗಾದ್ರೆ ಅದು ಅವನಿಗೆ ಸರಿಯಾಗೇ ಇದೆ," ಎಂದೆ. ನಾದಿನಿಗೆ ಆಗ ನಗು ಬಂತು.

ತಮ್ಮನಿಗೆ ಬರಲಿಲ್ಲ. "ಕಮ್ಮಿ ಮಾಡಿದ್ರೆ ಸೆಲೆಕ್ಷನ್ ಹೋಯ್ತದೆ ಕಣಕ್ಕ. ಆಮೇಲೆ ರಿಟೈರ್ ಆಗೋವರ್ಗೂ ಇದೇ ಗತಿ." ಅವನ ದನಿಯಲ್ಲಿದ್ದ ಹೆದರಿಕೆ ನನಗೂ ತಗುಲಿತು. ಅವನು ಹೇಳಿದ್ದೇ ನಿಜವಾಗಿಬಿಟ್ಟರೆ? ಬಿಡು ಎಂದು ಹೇಳಿ ಅವನ ಅವಕಾಶ ಕಳೆದವಳು ನಾನಾಗುತ್ತೇನೆ. ಬಿಡಬೇಡ ಎಂದರೆ ಹೈವೇ ಕಣ್ಣ ಮುಂದೆ ಬರುತ್ತದೆ.

ಮರುದಿನ ಅವನ ಜೊತೆ ಜಿಮ್ಮಿಗೆ ಹೋದೆ. ನಡೆಸುವವರು ಪೇಟೆಯ ಸಾಬರ ಮನೆಯವರು, ನನಗಿಂತ ತುಂಬ ಚಿಕ್ಕವರು. ತಮ್ಮನ ಹಾಳೆ ನೋಡಿ, "ಮೇಡಂ, ಇದ್ನ ನಾನೇ ಎರಡು ವರ್ಷದ ಕೆಳ್ಗೆ ಬಿಟ್ಟೆ. ಮಗು ಹುಟ್ತು, ನಿದ್ದೆ ಹೋಯ್ತು," ಎಂದರು. ಆಮೇಲೆ ತಮ್ಮನಿಗೆ, "ಬನ್ನಿ ಅಣ್ಣ, ಭಾರ ಕಮ್ಮಿ ಮಾಡಿ ಐದು ಸಲ ಕೂತೇಳಿ," ಎಂದರು. ಮೊದಲ ಮೂರು ಸಲ ಚೆನ್ನಾಗಿತ್ತು. ನಾಲ್ಕನೆಯದಕ್ಕೆ ಮಂಡಿ ಒಳಗೆ ಬಾಗಿತು, ಐದಕ್ಕೆ ಬೆನ್ನು ಗೂನಾಯಿತು. ಕನ್ನಡಿಯಲ್ಲಿ ಅವನೇ ನೋಡಿಕೊಂಡ.

ಮೂವರೂ ಕೂತು ಫೋನಿನಲ್ಲಿ ಬೇರೆ ಪ್ರೋಗ್ರಾಂಗಳನ್ನು ನೋಡಿದೆವು. ಒಂದು ಹಳೆಯದರಷ್ಟೇ ದಣಿಸುವಂಥದು, ಇನ್ನೊಂದಕ್ಕೆ ನಮ್ಮಲ್ಲಿಲ್ಲದ ಯಂತ್ರಗಳು ಬೇಕು. ಕೊನೆಗೆ ಸಿಕ್ಕಿದ್ದು ಸಾದಾ ಒಂದು: ವಾರಕ್ಕೆ ಮೂರೇ ದಿನ, ಪ್ರತಿ ಸಲವೂ ಇಡೀ ಮೈಗೆ, ಇನ್ನೂ ಎರಡು ಸಲ ಎತ್ತಬಹುದು ಎನ್ನುವಾಗಲೇ ನಿಲ್ಲಿಸುವುದು, ಎಲ್ಲ ಸಲವೂ ನೆಟ್ಟಗೆ ಎತ್ತಿದರೆ ಮಾತ್ರ ಮುಂದಿನ ದಿನ ಸ್ವಲ್ಪ ಏರಿಸುವುದು. ರಾತ್ರಿ ಪಾಳಿಯ ವಾರಕ್ಕೆ ಎರಡು ದಿನ ಸಾಕೆಂದು ನಾವೇ ಮಾಡಿಕೊಂಡೆವು, ಅದೂ ಮಲಗಿ ಎದ್ದ ಮೇಲೆ, ಸಂಜೆ. ತೋಟದ ಭಾನುವಾರವನ್ನು ಒಂದು ಕೆಲಸದ ದಿನವೆಂದೇ ಹಿಡಿದೆವು. ಪರೀಕ್ಷೆಯಲ್ಲಿ ಇರುವುದು ಮೆಟ್ಟಿಲಾದ್ದರಿಂದ ವಾರಕ್ಕೊಮ್ಮೆ ಚೀಲ ಹೊತ್ತು ನಮ್ಮ ಮನೆಯ ಮೆಟ್ಟಿಲು ಹತ್ತುವುದು, ನಡುವೆ ಮಾತಾಡುತ್ತ ಓಡುವಷ್ಟು ನಿಧಾನದ ಓಟ. ತಪ್ಪಿದ ದಿನ ತಪ್ಪಿದ ಹಾಗೆ, ಅದನ್ನು ಮರುದಿನಕ್ಕೆ ಸೇರಿಸುವಂತಿಲ್ಲ.

ಈ ಕೊನೆಯ ಮಾತು ಒಪ್ಪಲು ಅವನಿಗೆ ಬಹಳ ಕಷ್ಟವಾಯಿತು. ನನಗೂ ಆಯಿತು. "ಅಪ್ಪ ಇದ್ದಿದ್ರೆ ಬೈತಿದ್ರು," ಎಂದ.

"ಅಪ್ಪ ಸಸಿಗೆ ನೀರು ಹಾಕಿಸ್ತಿದ್ರು. ನೀನು ಸಸಿ ಅಲ್ಲ," ಎಂದೆ. ಅದು ಉತ್ತರವಾಗಿತ್ತೋ ಇಲ್ಲವೋ, ಅವನು ಫೋನನ್ನು ಜೇಬಿಗಿಟ್ಟು ಎದ್ದ.

ಮೊದಲ ವಾರ ಜಿಮ್ಮಿನಿಂದ ಬೇಗ ಬಂದು ಕಳ್ಳನ ಹಾಗೆ ಕೂತಿರುತ್ತಿದ್ದ. ಮೈ ನೋಯದಿದ್ದರೆ ಕೆಲಸ ಆಗಿಲ್ಲ ಎಂದೇ ಅವನ ಭಾವನೆ. ನಾನು ಧೈರ್ಯ ಹೇಳಿದರೂ ಒಳಗೊಳಗೆ ನನಗೂ ಅನುಮಾನವಿತ್ತು. ಬೆಳಿಗ್ಗೆ ಎದ್ದ ಕೂಡಲೇ ನಾಡಿ ನೋಡಿಕೋ ಎಂದಿದ್ದೆ. ವಾರ ಕಳೆದಂತೆ ಅದರ ಬಡಿತ ನಿಧಾನವಾಯಿತು. ಮೆಟ್ಟಿಲಿನ ಕಂಬಿ ಹಿಡಿಯುವುದು ನಿಂತಿತು. ಅನ್ನ ಎರಡನೆಯ ಸಲ ಹಾಕಿಸಿಕೊಳ್ಳತೊಡಗಿದ. ಸರಳಿನ ಮೇಲಿನ ಭಾರ ಸ್ವಲ್ಪ ಸ್ವಲ್ಪವಾಗಿ ಏರಿ, ಹಳೆಯ ಹಾಳೆಯ ಭಾರವನ್ನು ಬೆನ್ನು ಬಾಗದೆ ಮುಟ್ಟಿತು. ಇಷ್ಟು ಸಾಕೇ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಪರೀಕ್ಷೆಯ ದಿನ ನಾನು ಅಕ್ಕಿ ಆರಿಸಿದೆ, ಆರಿಸಿದ್ದನ್ನೇ ಮತ್ತೆ ಆರಿಸಿದೆ. ಮಧ್ಯಾಹ್ನ ಫೋನ್ ಬಂತು. ಕದದಂಥ ಎದೆಯ ಹುಡುಗ ಮೊದಲು ಬಂದನಂತೆ. ತಮ್ಮನದು ಆರಿಸಿದವರಲ್ಲಿ ಕೊನೆಯ ಹೆಸರು.

"ಕೊನೇದು ಅಂದ್ರೂ ಒಳ್ಗೇನೇ ಅಲ್ವಾ ಅಕ್ಕ?" ಎಂದ.

"ಒಳಗೇ ಕಣೋ. ನಿಧಾನಕ್ಕೆ ಬಾ."

ಈಗ ಅವನು ಸಂಜೆ ಬೆಳಕಿರುವಾಗಲೇ ಬರುತ್ತಾನೆ, ನಿದ್ದೆ ಮಾಡಿದ ಕಣ್ಣಿನಲ್ಲಿ. ಆದರೂ ಅವನ ಬೈಕಿನ ಸದ್ದು ಗೇಟಿನ ಹತ್ತಿರ ಕೇಳುವವರೆಗೆ ನಾನು ಸ್ಟೌವ್ ಹಚ್ಚುವುದಿಲ್ಲ.