ಒಂದು–ಸೊನ್ನೆ–ಸೊನ್ನೆ

ನನ್ನ ಅಕ್ಕ ಸರ್ಕಾರಿ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಡಾಕ್ಟರುಗಳು ಗೀಚಿದ್ದನ್ನು ಓದುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನಿವೃತ್ತಿಯಾದ ಮೇಲೂ ಚಾಮರಾಜಪೇಟೆಯ ನಮ್ಮ ಬೀದಿಯವರು ಚೀಟಿ ಹಿಡಿದು ಬಾಗಿಲಿಗೆ ಬರುತ್ತಿದ್ದರು. "ಒಂದು–ಸೊನ್ನೆ–ಒಂದು ಅಂದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಸೊನ್ನೆ ಅಂದ್ರೆ ಸೊನ್ನೆ, ಮರೆತ್ರೆ ಸೇರಿಸಿ ತಗೊಳೋ ಹಾಗಿಲ್ಲ," ಎಂದು ಪ್ರತಿಯೊಬ್ಬರಿಗೂ ಬೇಸರವಿಲ್ಲದೆ ಹೇಳುತ್ತಿದ್ದಳು. ಅವಳು ಮದುವೆಯಾಗಲಿಲ್ಲ. ನಾನು ಗಂಡನನ್ನು ಕಳೆದುಕೊಂಡ ಮೇಲೆ ಅವಳ ಜೊತೆಗೇ ಬಂದು ಸೇರಿಕೊಂಡೆ. ಬಸವನಗುಡಿಯ ಪ್ರೈಮರಿ ಸ್ಕೂಲೊಂದರಲ್ಲಿ ನನಗೆ ಟೀಚರ್ ಕೆಲಸ.

ಎರಡು ಸಾವಿರದ ಆಸುಪಾಸಿನಲ್ಲಿ ಒಂದು ಬೆಳಿಗ್ಗೆ ಹೂವು ಕಟ್ಟುತ್ತಾ ಕೂತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ವಾರ ಕಳೆದ ಮೇಲೆ 'ಬೇಡ', 'ಬಾ', 'ಅಮ್ಮ' ಎಂಬ ಮೂರು ಮಾತು ಮರಳಿದವು. ಎಲ್ಲಕ್ಕಿಂತ ನನ್ನನ್ನು ಸೀಳಿದ್ದು ಬೇರೆ. ಒಂದು ದಿನ ಅವಳದೇ ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಸುಮ್ಮನೆ ನೋಡುತ್ತಾ ಕೂತಳು. ಆಮೇಲೆ ಅದನ್ನು ತಲೆಕೆಳಗು ಮಾಡಿ ಮತ್ತೆ ನೋಡಿದಳು. ಅಕ್ಷರ ಹೋಗಿತ್ತು. ಅಂಕಿಯೂ ಹೋಗಿತ್ತು. ಕಣ್ಣಲ್ಲಿ ನೀರು ಬಂತು, ಚೀಟಿಯನ್ನು ನನಗೇ ವಾಪಸು ಚಾಚಿದಳು.

ನಾನು ಬೆಳಿಗ್ಗೆ ಏಳೂವರೆಗೆ ಸ್ಕೂಲಿಗೆ ಹೊರಡಬೇಕಿತ್ತು. ಅಕ್ಕನನ್ನು ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು ಬರುತ್ತಿದ್ದಳು. ತಿಂಡಿ ಕೊಟ್ಟು ಮಾತ್ರೆ ಕೊಡುವುದು ಅವಳ ಪಾಲು. "ನಂಗೆ ಓದಕ್ಕೆ ಬರಲ್ಲಮ್ಮ, ಗುರುತು ಹೇಳ್ಕೊಡಿ," ಎಂದಳು. ಹಾಗಾಗಿ ನಾನೊಂದು ಪಟ್ಟಿ ಮಾಡಿದೆ. ದಪ್ಪ ರಟ್ಟಿನ ಮೇಲೆ ಮೂರು ಮನೆ: ಬೆಳಿಗ್ಗೆಗೆ ಕಾಫಿ ಲೋಟ, ಮಧ್ಯಾಹ್ನಕ್ಕೆ ಊಟದ ತಟ್ಟೆ, ರಾತ್ರಿಗೆ ಚಂದ್ರ. ಮನೆಯಲ್ಲಿದ್ದ ಕ್ಯಾಮೆರಾದಲ್ಲಿ ಪ್ರತಿ ಮಾತ್ರೆಯ ಸ್ಟ್ರಿಪ್ಪಿನ ಫೋಟೋ ತೆಗೆದು, ಸ್ಟುಡಿಯೋದಲ್ಲಿ ತೊಳೆಸಿ, ಯಾವುದು ಯಾವ ಹೊತ್ತಿಗೋ ಆ ಮನೆಯಲ್ಲಿ ಅಂಟಿಸಿದೆ. ಆ ಹೆಂಗಸು ಸ್ಟ್ರಿಪ್ಪನ್ನು ಫೋಟೋದ ಪಕ್ಕ ಹಿಡಿದು, ಹೊಂದಿದರೆ ಮಾತ್ರ ಬಿಡಿಸಿ ಕೊಡುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಎರಡು ತಿಂಗಳು ಎಲ್ಲಾ ಸರಿಯಾಗಿಯೇ ನಡೆಯಿತು.

ಆಮೇಲೆ ಅಕ್ಕನಿಗೆ ಒಂದು ಸಲ ಫಿಟ್ಸ್ ಬಂತು. ಡಾಕ್ಟರು ಹೊಸ ಚೀಟಿ ಬರೆದರು. ಫಿಟ್ಸಿಗೆ ಒಂದು ಮಾತ್ರೆ, ಒಂದು–ಸೊನ್ನೆ–ಒಂದು. ಅವಳಿಗೆ ಮೊದಲಿಂದ ಇದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಬದಲಾಯಿಸಿದರು, ಅದು ಒಂದು–ಸೊನ್ನೆ–ಸೊನ್ನೆ. ಮೆಡಿಕಲ್ ಸ್ಟೋರಿನವರು ಕೊಟ್ಟ ಎರಡು ಹೊಸ ಸ್ಟ್ರಿಪ್ಪೂ ನೋಡಲು ಒಂದೇ ತರಹ: ಹಿಂದೆ ಬೆಳ್ಳಿ ಬಣ್ಣದ ತಗಡು, ಮುಂದೆ ಪ್ಲಾಸ್ಟಿಕ್ಕಿನೊಳಗೆ ಪುಟ್ಟ ಬಿಳಿ ಮಾತ್ರೆಗಳು. ಹೆಸರು ಇದ್ದದ್ದು ತಗಡಿನ ಮೇಲೆ ಮಾತ್ರ.

ಎರಡರದ್ದೂ ಫೋಟೋ ತೆಗೆದು ರೀಲು ಕೊಟ್ಟೆ. ಪ್ರಿಂಟು ಬರಲು ಮೂರು ದಿನವಾಯಿತು. ಆ ಮೂರು ದಿನ ನಾನೇ ಚೀಟಿ ಹಿಡಿದು, ತಗಡಿನ ಮೇಲಿನ ಹೆಸರು ಓದಿ, ಬೆಳಿಗ್ಗೆಯದನ್ನು ಅಕ್ಕನ ಮುಂದೆಯೇ ಬಿಡಿಸಿ ಬಟ್ಟಲಿಗೆ ಹಾಕಿಟ್ಟು ಹೋಗುತ್ತಿದ್ದೆ. ರಾತ್ರಿಯದನ್ನು ಬಂದು ಕೊಡುತ್ತಿದ್ದೆ. ಒಂದೂ ತಪ್ಪಲಿಲ್ಲ.

ಪ್ರಿಂಟು ಬಂದ ದಿನ ಸ್ಕೂಲಿಗೆ ಹೋಗುವ ದಾರಿಯಲ್ಲಿ ಇಸಿದುಕೊಂಡೆ. ರಟ್ಟನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ, ಟೆಸ್ಟ್ ಪೇಪರು ತಿದ್ದುವ ನಡುವೆ ಅಂಟಿಸಿಬಿಟ್ಟೆ. ಫ್ಲ್ಯಾಶಿನ ಬೆಳಕು ಬಿದ್ದು ತಗಡಿನ ಮೇಲಿನ ಹೆಸರು ಎರಡರಲ್ಲೂ ಬೆಳ್ಳಗೆ ಅಳಿಸಿಹೋಗಿತ್ತು. ಒಂದರ ತುದಿ ಮಾತ್ರ ಕೊಂಚ ದುಂಡಗಿತ್ತು. ದುಂಡಗಿದ್ದದ್ದು ಫಿಟ್ಸಿನದು ಎಂಬ ನೆನಪಿನ ಮೇಲೆ ಅದನ್ನೇ ಚಂದ್ರನ ಮನೆಯಲ್ಲೂ ಅಂಟಿಸಿದ್ದೆ. ಸ್ಟ್ರಿಪ್ಪುಗಳು ಮನೆಯಲ್ಲಿದ್ದವು. ಸಂಜೆ ಹೋಗಿ ಇಟ್ಟು ನೋಡಿದರಾಯಿತು ಎಂದುಕೊಂಡೆ. ನೋಡಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಪಟ್ಟಿಯ ಪ್ರಕಾರ ಮಾತ್ರೆ ಬಿಡಿಸಿದೆ. ಅಕ್ಕ ನನ್ನ ಕೈಯಲ್ಲಿದ್ದ ಸ್ಟ್ರಿಪ್ಪನ್ನು ನೋಡಿ, "ಬೇಡ," ಎಂದಳು.

"ಬೇಡ ಅಂದ್ರೆ ಹೇಗಕ್ಕ? ತಗೋ."

"ಬೇಡ. ಬೇಡ." ಎಡಗೈಯನ್ನು ಚಾಚಿ ರಟ್ಟಿನ ಮೇಲಿನ ಕಾಫಿ ಲೋಟದ ಮೇಲೆ ಬೆರಳಿಟ್ಟಳು.

"ಈ ಹೊತ್ನಲ್ಲಿ ಕಾಫಿ ಕುಡಿದ್ರೆ ನಿದ್ದೆ ಬರಲ್ಲ. ಬೆಳಿಗ್ಗೆ ಕೊಡ್ತೀನಿ," ಎಂದೆ. ಅವಳು ತಲೆಯಾಡಿಸಿ ಮತ್ತೆ ಅಲ್ಲೇ ಬೆರಳು ಒತ್ತಿದಳು. ನನಗೆ ದಣಿವಾಗಿತ್ತು. ಕೊನೆಗೆ ಹೇಗೋ ನುಂಗಿಸಿದೆ.

ಮರುದಿನ ರಾತ್ರಿ ಇನ್ನೂ ಹಟ ಮಾಡಿದಳು. ಊಟವನ್ನೂ ಸರಿಯಾಗಿ ಮಾಡಲಿಲ್ಲ, ಎರಡು ತುತ್ತು ಅನ್ನ ಮಜ್ಜಿಗೆ ಅಷ್ಟೆ. ಮಾತ್ರೆ ತಂದಾಗ ಬಾಯಿ ಬಿಗಿಹಿಡಿದಳು. ಒಂದನೇ ಕ್ಲಾಸಿನ ಮಕ್ಕಳನ್ನು ಗದರುವ ದನಿಯಲ್ಲೇ ಗದರಿದೆ. "ಬಾಯಿ ತೆಗಿ ಅಕ್ಕ. ನನಗೂ ವಯಸ್ಸಾಗ್ತಿದೆ. ದಿನಾ ನಿನ್ನ ಹತ್ರ ಗುದ್ದಾಡಕ್ಕಾಗಲ್ಲ." ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಬಾಯಿ ತೆರೆದಳು.

ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ದಿಂಬು, ಸೀರೆ ಎಲ್ಲಾ ಬೆವರಿನಿಂದ ಒದ್ದೆ. ಮೈ ತಣ್ಣಗಿತ್ತು. ಎಷ್ಟು ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಬಂದ ಆ ಹೆಂಗಸೇ ಆಟೋ ಕರೆತಂದಳು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದ ಕೂಡಲೇ ಗ್ಲೂಕೋಸ್ ಏರಿಸಿದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದುಹೋಗಿತ್ತು.

"ಏನೇನು ಮಾತ್ರೆ ಕೊಡ್ತಿದ್ರಿ? ಚೀಟಿ, ಮಾತ್ರೆ ಎಲ್ಲಾ ತಗೊಂಡ್ಬನ್ನಿ," ಎಂದಳು ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರು. ಮನೆಗೆ ಓಡಿ ಚೀಟಿ, ಡಬ್ಬಿ, ರಟ್ಟು ಮೂರನ್ನೂ ತಂದೆ. ಅವಳು ಸ್ಟ್ರಿಪ್ಪುಗಳನ್ನು ತಿರುಗಿಸಿ ಹೆಸರು ಓದಿ, ಚೀಟಿಯ ಒಂದೊಂದು ಸಾಲಿನ ಪಕ್ಕ ಇಟ್ಟಳು. ಆಮೇಲೆ ಎರಡನ್ನು ಎತ್ತಿ ಫೋಟೋಗಳ ಪಕ್ಕ ಹಿಡಿದಳು.

"ಮೇಡಂ, ಈ ಎರಡು ಅದಲು ಬದಲಾಗಿದೆ. ದುಂಡಗೆ ತುದಿ ಇರೋದು ಶುಗರಿಂದು. ಇದು ಬೆಳಿಗ್ಗೆ ಮಾತ್ರ. ನೀವು ಇದನ್ನ ರಾತ್ರಿನೂ ಕೊಟ್ಟಿದೀರಿ, ಫಿಟ್ಸಿಂದು ರಾತ್ರಿ ಕೊಟ್ಟೇ ಇಲ್ಲ."

ಬೆಳಿಗ್ಗೆ ಕೊಡಬೇಕಿದ್ದದ್ದು ಎರಡರಲ್ಲೂ ಒಂದೊಂದೇ. ಹಾಗಾಗಿ ಬೆಳಗಿನದರಲ್ಲಿ ತಪ್ಪು ಕಾಣಲೇ ಇಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಮೆಲ್ಲಗೆ, "ನನ್ ಹತ್ರ ಒಂದಿನಾನೂ ಬೇಡ ಅನ್ನಲಿಲ್ಲಮ್ಮ. ಅವ್ರೇ ಕೈ ಚಾಚಿ ತಗೋತಿದ್ರು," ಎಂದಳು.

ಆಗ ಅಕ್ಕನ ಬೆರಳು ನನ್ನ ಕಣ್ಣಿಗೆ ಕಟ್ಟಿತು. ಅವಳು ಕಾಫಿ ಕೇಳಿರಲಿಲ್ಲ. ಹೆಸರು ಓದಲಾಗದಿದ್ದರೂ, ಮೂರು ದಿನ ನಾನು ಸರಿಯಾಗಿ ಕೊಟ್ಟದ್ದನ್ನು ನೋಡಿ ಆ ಸ್ಟ್ರಿಪ್ಪನ್ನು ಗುರುತಿಟ್ಟುಕೊಂಡಿದ್ದಳು. ಇದು ಬೆಳಗಿನದು ಎಂದು ಅವಳಿಗೆ ಉಳಿದಿದ್ದ ಒಂದೇ ಬಗೆಯಲ್ಲಿ ಹೇಳಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟಳು. ಆದರೆ ಮರಳಿ ಬಂದಿದ್ದ ಮೂರು ಮಾತೂ ಹೋಗಿದ್ದವು. ಮತ್ತೆ ಬರಲಿಲ್ಲ. ಮನೆಗೆ ಬಂದ ಮೇಲೆ ಸಂಬಳವಿಲ್ಲದ ರಜೆ ಹಾಕಿ ಅವಳ ಪಕ್ಕದಲ್ಲೇ ಇದ್ದೆ. "ತಪ್ಪಾಯ್ತಕ್ಕ, ನೀನು ಹೇಳಿದ್ದು ನನಗೆ ತಿಳೀಲಿಲ್ಲ," ಎಂದು ಅವಳ ಕೈ ಹಿಡಿದು ಹೇಳಿದೆ. ಅವಳು ಸೂರು ನೋಡುತ್ತಿದ್ದಳು. ಕೇಳಿಸಿತೋ, ಕೇಳಿಸಿದರೂ ಅರ್ಥವಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲಿನ ದಿನಗಳಲ್ಲಿ ಏನು ಕೊಟ್ಟರೂ ಬೇಡವೆನ್ನದೆ ಬಾಯಿ ತೆರೆಯುತ್ತಿದ್ದಳು. ಅದನ್ನು ನೋಡುವುದೇ ಹೆಚ್ಚು ಕಷ್ಟವಾಗಿತ್ತು.

ನಾಲ್ಕು ತಿಂಗಳಿಗೆ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡಳು. ನನ್ನ ತಪ್ಪಿಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನೆಂಟರೂ ಹಾಗೇ ಹೇಳಿದರು. ಇರಬಹುದು. ಆದರೆ ಅವಳ ಕೊನೆಯ ಮಾತುಗಳನ್ನು ಅವಳಿಂದ ಕಿತ್ತುಕೊಂಡವಳು ನಾನು. ಆ ಕೊನೆಯ 'ಬೇಡ' ನನ್ನ ತಪ್ಪನ್ನು ನನಗೆ ತೋರಿಸಲೆಂದೇ ಆಡಿದ್ದಾಗಿತ್ತು.