ಕೊಂಡಿ ಮೇಡಂ ಬರೆದ ತಪ್ಪು ಚೀಟಿ

ಅವರ ನಿಜವಾದ ಹೆಸರು ಕಾಲೇಜಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ಕೊಂಡಿ ಮೇಡಂ. ತರ್ಕಶಾಸ್ತ್ರ ಪಾಠ ಮಾಡುವಾಗ ಬೋರ್ಡಿನ ಮೇಲೆ ಸರಪಳಿಯ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡ ಸೊನ್ನೆಗಳನ್ನು ಬರೆದು, ಒಂದೊಂದರ ಮೇಲೂ ಸೀಮೆಸುಣ್ಣ ಕುಟ್ಟಿ, "ಈ ಕೊಂಡಿ ಎಲ್ಲಿಂದ ಬಂತು? ಯಾರು ಕೊಟ್ರು?" ಎಂದು ಕೇಳುವುದು ಅವರ ರೂಢಿ. ಬಂದ ಹೆಸರಿಗೆ ಮೊದಲ ವರ್ಷ ಮುಖ ಸಿಂಡರಿಸಿದರು, ಆಮೇಲೆ ಒಳಗೊಳಗೇ ಖುಷಿಪಟ್ಟರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಪಾಠ ಜಾರುಬಂಡೆ ವಾದದ್ದು. "ಇವತ್ತು ಒಂದು ಹೆಜ್ಜೆ ಬಿಟ್ರೆ ನಾಳೆ ಪಾತಾಳ" ಎಂದು ಹೆದರಿಸುವ ವಾದ. ಮಗಳಿಗೆ ಮೊಬೈಲ್ ಕೊಟ್ಟರೆ ಓದು ಬಿಡುತ್ತಾಳೆ, ಓದು ಬಿಟ್ಟರೆ ಮನೆ ಬಿಡುತ್ತಾಳೆ ಎನ್ನುವ ಅಪ್ಪನ ವಾದ. ಕೇಳಿದ ಹುಡುಗರು ನಕ್ಕ ಕೂಡಲೇ ಮೇಡಂ ಬೆರಳೆತ್ತುತ್ತಿದ್ದರು. "ನಗಬೇಡಿ. ಸರಪಳಿ ಉದ್ದ ಇದೆ ಅಂತ ತಪ್ಪಾಗಲ್ಲ. ಒಂದು ಆದ್ಮೇಲೆ ಇನ್ನೊಂದು ಯಾಕೆ ಆಗುತ್ತೆ ಅಂತ ಪ್ರತಿ ಕೊಂಡಿಗೂ ಕಾರಣ ಇರ್ಬೇಕು. ಕಾರಣ ಇದ್ರೆ ಅದು ಜಾರುಬಂಡೆ ಅಲ್ಲ, ಮುಂದಾಲೋಚನೆ." ಆಮೇಲೆ ಲೆಕ್ಕ. ಹಿಂದಿನದು ಆಯಿತು ಎಂದೇ ಇಟ್ಟುಕೊಂಡು, ಮುಂದಿನದು ಆಗುವ ಸಾಧ್ಯತೆ ಹತ್ತಕ್ಕೆ ಎಷ್ಟು? ಹತ್ತಕ್ಕೆ ಏಳರಂತೆ ಐದು ಕೊಂಡಿ ಹಾಕಿ ಗುಣಿಸಿದರೆ ಕೊನೆಯದು ಆಗುವುದು ನೂರಕ್ಕೆ ಹದಿನೇಳು ಸಲ ಮಾತ್ರ. ಒಂದೊಂದು ಕೊಂಡಿಯೂ ಗಟ್ಟಿ ಅನ್ನಿಸಿದರೂ ಇಡೀ ಸರಪಳಿ ಪೀಚು. "ಕೊನೆಗೆ ಇನ್ನೊಂದು ಕೇಳಿ. ಇದು ನಿಲ್ಲೋ ಜಾಗ ಯಾವುದು? ಯಾವ ಜಾಗದಲ್ಲೂ ನಿಲ್ಲಲ್ಲ ಅನ್ನೋರನ್ನ ನಂಬಬೇಡಿ."

ಹತ್ತೊಂಬತ್ತು ವರ್ಷ ಕಾಲೇಜಿನ ಚರ್ಚಾ ತಂಡವನ್ನು ತರಬೇತು ಮಾಡಿದ್ದು ಇದೇ ಮೇಡಂ. ಕಪಾಟಿನಲ್ಲಿ ಗೆದ್ದ ನಾಲ್ಕು ಕಪ್‌ಗಳಿದ್ದವು, ಧೂಳು ಒರೆಸುತ್ತಿದ್ದವರೂ ಅವರೇ. ಈ ವರ್ಷ ಹೊಸ ಮೇಡಂ ಬಂದರು. ಮೂವತ್ತು ದಾಟದ ವಯಸ್ಸು, ಮೆತ್ತಗಿನ ಮಾತು, ಮಾತಿನ ನಡುವೆ ಎರಡು ಬೆರಳೆತ್ತಿ ಒಂದು ಕ್ಷಣ ಸುಮ್ಮನಾಗುವ ಅಭ್ಯಾಸ. ಆ ಒಂದು ಕ್ಷಣಕ್ಕೆ ತರಗತಿಯೇ ಉಸಿರು ಹಿಡಿಯುತ್ತಿತ್ತು. ಪ್ರಾಂಶುಪಾಲರು ಕರೆದು, "ಮೇಡಂ, ಈ ವರ್ಷದ ಮಟ್ಟಿಗೆ ತಂಡಾನ ಅವರು ನೋಡ್ಕೊಳ್ಳಲಿ. ನೀವು ಸ್ವಲ್ಪ ಸುಧಾರಿಸ್ಕೊಳ್ಳಿ" ಅಂದರು. ಸುಧಾರಿಸಿಕೊಳ್ಳಲು ಅವರಿಗೇನು ಜ್ವರ ಬಂದಿತ್ತೇ? ಸಮಾಧಾನಕ್ಕೆಂಬಂತೆ ಆಯ್ಕೆ ಸುತ್ತಿಗೆ ತೀರ್ಪುಗಾರರಾಗಿ ಅವರನ್ನೇ ಕೂರಿಸಿದರು.

ಅಂದಿನಿಂದ ಕೊಂಡಿ ಮೇಡಂಗೆ ಹೊಟ್ಟೆಯಲ್ಲಿ ಕೆಂಡ. ಹೊಸ ಮೇಡಂ ಬಾಗಿಲಲ್ಲಿ ಹುಡುಗಿಯರು ಗುಂಪು ಕಟ್ಟಿ ನಿಂತಿದ್ದರೆ, ತಮ್ಮ ಬಾಗಿಲಲ್ಲಿ ಎಷ್ಟು ಜನ ನಿಲ್ಲುತ್ತಿದ್ದರು ಎಂದು ಎಣಿಸುತ್ತಾ ಹೋಗುತ್ತಿದ್ದರು. ಅವರ ಸೀರೆಯ ಅಂಚು, ಅವರ ಅಕ್ಷರ, ಟೀ ಲೋಟ ಹಿಡಿಯುವ ರೀತಿ, ಒಂದೂ ಸಹ್ಯವಾಗಲಿಲ್ಲ. ಆ ಎರಡು ಬೆರಳಂತೂ ಕನಸಿನಲ್ಲೂ ಬಂತು.

ಆಯ್ಕೆ ಸುತ್ತಿನಲ್ಲಿ ಉಳಿದದ್ದು ಒಂದೇ ಜಾಗ, ಇಬ್ಬರು ಮಾತುಗಾರರು. ಒಬ್ಬ, ಗಂಟೆ ದನಿಯ ಹುಡುಗ. ಎರಡು ವರ್ಷ ಕೊಂಡಿ ಮೇಡಮ್ಮೇ ತಿದ್ದಿ ತೀಡಿದವನು. ಇನ್ನೊಬ್ಬಳು ಹೊಸ ಮೇಡಂ ಹುಡುಕಿ ತಂದ ಬಸ್ಸಿನ ಹುಡುಗಿ. ದೂರದ ಬಡಾವಣೆಯಿಂದ ಬಸ್ಸು ಹಿಡಿದು ಬರುವವಳು, ದಿನಾ ಏದುಸಿರು ಬಿಡುತ್ತಲೇ ಬೆಂಚು ಸೇರುವವಳು. ಓದಿನ ಕೊನೆಯ ವರ್ಷ, ಈ ಸಲ ಬಿಟ್ಟರೆ ಅವಳಿಗೆ ಇನ್ನೊಂದು ಸಲವಿಲ್ಲ. ವಿಷಯ, ಜನ ಕಡಿಮೆಯಿರುವ ಹನ್ನೆರಡನೇ ನಂಬರ್ ಬಸ್ಸಿನ ಕೆಲವು ಸರದಿಗಳನ್ನು, ಅಂದರೆ ದಿನದ ಟ್ರಿಪ್ಪುಗಳನ್ನು, ನಿಲ್ಲಿಸಬೇಕೇ ಬೇಡವೇ.

ಹುಡುಗ ನಿಲ್ಲಿಸಬೇಕು ಎಂದ. "ನಾಲ್ಕು ಜನಕ್ಕೆ ಒಂದು ಬಸ್ ಓಡಿಸಿದ್ರೆ ನಾಳೆ ಪ್ರತಿ ಬೀದಿಯೂ ಬಸ್ ಕೇಳುತ್ತೆ. ನಾಡಿದ್ದು ಪ್ರತಿ ಮನೆ ಕೇಳುತ್ತೆ. ಆಮೇಲೆ ಊರಲ್ಲಿ ನಡೆಯೋರೇ ಇರಲ್ಲ, ಊರೇ ದಿವಾಳಿ" ಎಂದು ದನಿ ಏರಿಸಿದ. ಸಭೆ ಚಪ್ಪಾಳೆ ತಟ್ಟಿತು.

ಹುಡುಗಿ ಬೇಡ ಎಂದಳು. "ಸರದಿಗೆ ಸರಾಸರಿ ಹದಿನೈದು ಜನಕ್ಕಿಂತ ಕಡಿಮೆ ಇದ್ರೆ ನಿಲ್ಲಿಸ್ತೀವಿ ಅನ್ನೋದು ಬಸ್ ಓಡಿಸೋರ ನಿಯಮ. ಅರ್ಧ ಸರದಿ ನಿಲ್ಲಿಸಿದ್ರೆ ಕಾಯೋದು ಇಪ್ಪತ್ತು ನಿಮಿಷದಿಂದ ನಲವತ್ತಾಗುತ್ತೆ. ಕಾಯಕ್ಕಾಗದೋರು ಬೇರೆ ದಾರಿ ನೋಡ್ಕೋತಾರೆ. ಉಳಿದ ಸರದಿಯಲ್ಲೂ ಜನ ಕಮ್ಮಿ ಆಗ್ತಾರೆ. ಆಗ ಅದೇ ನಿಯಮ ಅದನ್ನೂ ನಿಲ್ಲಿಸುತ್ತೆ. ನಾನು ಊಹಿಸಿ ಹೇಳ್ತಿಲ್ಲ. ಏಳನೇ ನಂಬರಲ್ಲಿ ಮೂರು ವರ್ಷದಲ್ಲಿ ಇಪ್ಪತ್ತು ಸರದಿ ಹನ್ನೊಂದಾಯ್ತು, ಹನ್ನೊಂದು ನಾಲ್ಕಾಯ್ತು." ಅಲ್ಲಿ ಎರಡು ಬೆರಳೆತ್ತಿ ಒಂದು ಕ್ಷಣ ಸುಮ್ಮನಾದಳು. "ಪೂರ್ತಿ ನಿಂತು ಹೋಗುತ್ತೆ ಅಂತ ನಾನು ಹೇಳಲ್ಲ. ಆಸ್ಪತ್ರೆ ಕೆಲಸದೋರಿಗೆ ಬೇರೆ ದಾರಿ ಇಲ್ಲ, ಅವರಿಗಾಗಿ ಬೆಳಿಗ್ಗೆ ಸಂಜೆ ಒಂದೆರಡು ಉಳಿಯುತ್ತೆ. ಉಳಿದೋರ ಗತಿ ಏನು ಅನ್ನೋದೇ ನನ್ನ ಪ್ರಶ್ನೆ."

ಆ ಎರಡು ಬೆರಳು ಕಂಡದ್ದೇ ಕೊಂಡಿ ಮೇಡಂ ಕಿವಿ ಮುಚ್ಚಿಹೋಯಿತು. ಹುಡುಗಿ ಕಾಣಲಿಲ್ಲ, ಹೊಸ ಮೇಡಮ್ಮೇ ಕಂಡರು. ಸೋತವರಿಗೂ ಗೆದ್ದವರಿಗೂ ಕಾರಣ ಬರೆದ ಚೀಟಿ ಕೊಡಬೇಕು ಎನ್ನುವ ಪದ್ಧತಿ ತಂದವರು ಕೊಂಡಿ ಮೇಡಮ್ಮೇ. ಹುಡುಗನ ಚೀಟಿಯಲ್ಲಿ "ಪರಿಣಾಮಗಳನ್ನು ದೂರದವರೆಗೆ ಕಂಡಿದ್ದಾನೆ" ಎಂದು ಬರೆದರು. ಹುಡುಗಿಯ ಚೀಟಿಯಲ್ಲಿ ಎರಡೇ ಪದ: "ಜಾರುಬಂಡೆ ವಾದ." ಕೆಳಗೆ ಸಹಿ. ಜಾಗ ಹುಡುಗನದಾಯಿತು.

ಮರುದಿನ ತರಗತಿ ಮುಗಿದ ಮೇಲೆ ಹುಡುಗಿ ಬಂದಳು. ಚೀಟಿ ಮೇಜಿನ ಮೇಲಿಟ್ಟಳು. ಜಗಳಕ್ಕೆ ಬಂದವಳ ಮುಖ ಅಲ್ಲ, ಪಾಠ ಅರ್ಥವಾಗದವಳ ಮುಖ.

"ಮೇಡಂ, ಯಾವ ಕೊಂಡಿ ಬಿಟ್ಟಿತ್ತು ಅಂತ ಹೇಳಿ. ತಿದ್ಕೋತೀನಿ."

"ಅಂದ್ರೆ?"

"ಕಾಯೋದು ಜಾಸ್ತಿ ಆಗೋದಾ? ಜನ ಬಿಡೋದಾ? ಇಲ್ಲ ನಿಯಮದ್ದಾ? ನೀವು ಹೇಳ್ಕೊಟ್ಟ ಹಾಗೆ ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಹಾಕಿ ನೋಡಿದೆ. ನಿಯಮದ ಕೊಂಡಿಗೆ ಹತ್ತಕ್ಕೆ ಹತ್ತು ಬಂತು. ಅದು ಬರೆದಿಟ್ಟಿರೋ ನಿಯಮ ಅಲ್ವಾ. ನಿಲ್ಲೋ ಜಾಗಾನೂ ಹೇಳಿದ್ದೆ. ಎಲ್ಲಿ ತಪ್ಪಿದೆ ಗೊತ್ತಾಗ್ತಿಲ್ಲ."

ಮೇಡಂ ಚೀಟಿ ಕೈಗೆತ್ತಿಕೊಂಡರು. ಇಪ್ಪತ್ತಾರು ವರ್ಷದ ಪಾಠ ಎದುರಿಗೆ ನಿಂತು ಅವರನ್ನೇ ಪ್ರಶ್ನೆ ಕೇಳುತ್ತಿತ್ತು. "ನಾಳೆ ಬಾ" ಎಂದು ಚೀಟಿ ಚೀಲಕ್ಕೆ ತುರುಕಿಕೊಂಡು ಹೊರಟರು.

ಕನ್ನಡಕದ ಅಂಗಡಿ ಇಟ್ಟಿರುವ ಗಂಡ ಸಂಜೆ ಟೀ ಮಾಡಿಕೊಟ್ಟು, "ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಅಂದರು. ಮೇಡಂ ಎಲ್ಲ ಹೇಳಿದರು. ತಪ್ಪೆಂದು ಗೊತ್ತಿದ್ದೂ ತಿದ್ದಲು ಆಗದ ಕಾರಣವನ್ನೂ ಹೇಳಿದರು. "ತೀರ್ಪು ಬದಲಾಯಿಸಿದ್ರೆ ಆ ಹುಡುಗಿ ತಂಡಕ್ಕೆ ಹೋಗ್ತಾಳೆ. ಹೋದ್ರೆ ಕಪ್ ತರ್ತಾಳೆ. ತಂದ್ರೆ ತಂಡ ಖಾಯಂ ಆಗಿ ಆ ಹೊಸ ಮೇಡಂಗೇ. ಆಮೇಲೆ ನನ್ನ ತರ್ಕದ ಪಾಠಾನೂ ಅವಳಿಗೆ. ಆಮೇಲೆ ನಾನು ಅಲ್ಲಿದ್ದೆ ಅನ್ನೋದೇ ಯಾರಿಗೂ ನೆನಪಿರಲ್ಲ."

"ಅದಾದ್ಮೇಲೆ ನಾನೂ ನಿನ್ನ ಬಿಟ್ಟು ಹೋಗೋದು ಇದ್ಯಾ ಪಟ್ಟಿಯಲ್ಲಿ?" ಅಂದರು ಗಂಡ. "ಯಾಕೋ ಬಹಳ ಇಳಿಜಾರಾಗಿದೆ ಮಾರಾಯ್ತಿ."

ಮೇಡಂ ನಗಲಿಲ್ಲ. ಎದ್ದು ಹಳೆಯ ನೋಟ್ ಪುಸ್ತಕ ತಂದು ಐದು ಸೊನ್ನೆ ಬರೆದರು. ತೀರ್ಪು ತಿದ್ದಿದರೆ ಹುಡುಗಿಗೆ ಜಾಗ, ಹತ್ತಕ್ಕೆ ಒಂಬತ್ತು. ಕಪ್, ಐದು. ತಂಡ ಖಾಯಂ, ಆರು. ತರ್ಕದ ಪಾಠ? ಹೊಸ ಮೇಡಂ ಓದಿದ್ದು ಇತಿಹಾಸ. ಎರಡು ಹಾಕಿದ್ದೇ ಹೆಚ್ಚು. ಯಾರೂ ನೆನೆಯದಿರುವುದು, ಒಂದು. ಗುಣಿಸಿದರು. ಸಾವಿರಕ್ಕೆ ಐದು. ಇಷ್ಟಕ್ಕೆ ಇಷ್ಟೊಂದು ಹೆದರಿದ್ದರು.

ಆದರೆ ಮೇಡಂ ತಮಗೇ ಮೋಸ ಮಾಡಿಕೊಳ್ಳುವವರಲ್ಲ. ಮೊದಲ ಮೂರನ್ನು ಮಾತ್ರ ಗುಣಿಸಿದರು. ನೂರಕ್ಕೆ ಇಪ್ಪತ್ತೇಳು. ಅದು ಸುಳ್ಳು ಭಯವಲ್ಲ. ತಂಡ ಕೈಬಿಟ್ಟು ಹೋಗುವುದು ನಿಜವಾಗಿಯೂ ಆಗಬಹುದು, ಒಂದೊಂದು ಕೊಂಡಿಗೂ ಕಾರಣವಿತ್ತು. ಜಾರುಬಂಡೆ ಶುರುವಾದದ್ದು ನಾಲ್ಕನೆಯದರಿಂದ. ಆ ಇಪ್ಪತ್ತೇಳರ ಕೆಳಗೆ ಗೆರೆ ಎಳೆದರು. ಕಾರಣ ಇದ್ದರೂ, ಅದು ಹುಡುಗಿಯ ಚೀಟಿಯಲ್ಲಿ ಸುಳ್ಳು ಬರೆಯಲು ಕಾರಣವಾಗುವುದಿಲ್ಲ ಎನ್ನುವುದು ಮಾತ್ರ ಯಾವ ಲೆಕ್ಕವೂ ಇಲ್ಲದೆ ಗೊತ್ತಾಯಿತು.

ಮರುದಿನ ಪ್ರಾಂಶುಪಾಲರ ಕೋಣೆಗೆ ಹೋದಾಗ ಅಲ್ಲಿ ಹೊಸ ಮೇಡಂ ಕೂತಿದ್ದರು. ವಾಪಸ್ ಹೋಗೋಣ ಎಂದು ಕಾಲು ತಿರುಗಿತು, ಆದರೂ ನಿಂತರು. ತೀರ್ಪು ತಿದ್ದಬೇಕು ಎಂದು ಚೀಟಿ ಮೇಜಿನ ಮೇಲಿಟ್ಟರು.

ಪ್ರಾಂಶುಪಾಲರು ತಲೆಯಾಡಿಸಿದರು. "ಆಗಲ್ಲ ಮೇಡಂ. ಇವತ್ತು ಒಂದು ತೀರ್ಪು ಬದಲಾಯಿಸಿದ್ರೆ ನಾಳೆ ಸೋತೋರೆಲ್ಲ ಚೀಟಿ ಹಿಡ್ಕೊಂಡು ಬರ್ತಾರೆ. ಆಮೇಲೆ ಪರೀಕ್ಷೆ ಅಂಕ, ಆಮೇಲೆ ಹಾಜರಿ. ಯಾವುದಕ್ಕೂ ಬೆಲೆ ಇರಲ್ಲ."

"ಸೋತೋರು ಕೇಳಿದ್ರು ಅಂತ ಬದಲಾಯಿಸಿದ್ರೆ ನೀವು ಹೇಳಿದ್ದು ಸರಿ ಸರ್. ಯಾಕಂದ್ರೆ ಸೋತೋರು ಎಲ್ಲರೂ ಕೇಳಬಹುದು, ಒಬ್ಬರಿಗೆ ಕೊಟ್ಟಿದ್ದನ್ನ ಇನ್ನೊಬ್ಬರಿಗೆ ಇಲ್ಲ ಅನ್ನಕ್ಕೆ ಕಾರಣ ಇರಲ್ಲ. ಇಲ್ಲಿ ಹಾಗಲ್ಲ. ತೀರ್ಪುಗಾರರೇ ಬಂದು, ನಾನು ಬರೆದ ಕಾರಣ ಸುಳ್ಳು ಅಂತ ಒಪ್ಪಿಕೊಂಡಾಗ ಮಾತ್ರ. ಗೆರೆ ಅಲ್ಲೇ ಇದೆ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಒಬ್ಬರೂ ಬಂದಿಲ್ಲ ಸರ್, ನಾಳೆ ಸಾಲು ನಿಲ್ತಾರೆ ಅನ್ನೋ ಹೆದರಿಕೆ ಬೇಡ."

"ಸುಳ್ಳು ಯಾಕೆ ಬರೆದ್ರಿ?"

ಹೊಸ ಮೇಡಂ ತಲೆ ತಗ್ಗಿಸಿಕೊಂಡು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ಅವರ ಮುಂದೆ ಇದನ್ನು ಹೇಳುವುದಕ್ಕಿಂತ ನೆಲ ಬಾಯಿಬಿಟ್ಟರೆ ಚೆನ್ನಾಗಿತ್ತು.

"ಹೊಟ್ಟೆಕಿಚ್ಚಿಗೆ," ಅಂದರು ಕೊಂಡಿ ಮೇಡಂ. "ಹುಡುಗಿ ಮೇಲಲ್ಲ. ಇವರ ಮೇಲೆ."

ಹುಡುಗಿ ತಂಡಕ್ಕೆ ಹೋದಳು. ಗಂಟೆ ದನಿಯ ಹುಡುಗನಿಗೆ ಹೊಸ ಚೀಟಿ ಬರೆದು, ಅವನ ಸರಪಳಿಯಲ್ಲಿ ಬಿಟ್ಟ ಕೊಂಡಿಗಳನ್ನು ಒಂದೊಂದಾಗಿ ತೋರಿಸಿಕೊಟ್ಟರು. ಅವನು ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ. ಕಪ್ ಬಂತು. ತಂಡ ಖಾಯಂ ಆಗಿ ಹೊಸ ಮೇಡಂ ಪಾಲಾಯಿತು. ಮೂರು ಕೊಂಡಿಯೂ ಒಂದರ ಹಿಂದೆ ಒಂದು ಬಿದ್ದವು, ಬಿದ್ದಾಗ ನೋವೂ ಆಯಿತು. ಹೊಸ ವೇಳಾಪಟ್ಟಿ ಗೋಡೆಗೆ ಅಂಟಿಸಿದ ದಿನ ಎಲ್ಲರಿಗಿಂತ ಮೊದಲು ಹೋಗಿ ನೋಡಿದರು. ತರ್ಕಶಾಸ್ತ್ರದ ಎದುರು ಅವರ ಹೆಸರೇ ಇತ್ತು.

ಮುಂದಿನ ಆಯ್ಕೆ ಸುತ್ತಿನ ಹೊತ್ತಿಗೆ ಹೊಸ ಮೇಡಂ ಹಾಳೆಯೊಂದನ್ನು ಹಿಡಿದು ಬಂದರು. "ತೀರ್ಪುಗಾರರ ಜಾಗಕ್ಕೆ ನಿಮ್ಮ ಹೆಸರೇ ಬರ್ದಿದ್ದೀನಿ ಮೇಡಂ."

"ನನ್ನನ್ನಾ? ಅಷ್ಟೆಲ್ಲ ಆದ್ಮೇಲೆ?"

ಹೊಸ ಮೇಡಂ ಎರಡು ಬೆರಳೆತ್ತಿ ಒಂದು ಕ್ಷಣ ಸುಮ್ಮನಾದರು. "ಬೇರೆಯವರು ತಪ್ಪು ಬರೆದ್ರೆ ನಂಗೆ ಗೊತ್ತೇ ಆಗಲ್ಲ. ನೀವು ಬರೆದ್ರೆ ನೀವೇ ಬಂದು ಹೇಳ್ತೀರಿ."

ಕೊಂಡಿ ಮೇಡಂ ಸಹಿ ಹಾಕಿದರು. ಇಷ್ಟು ಒಳ್ಳೆಯ ಮಾತು ಅವಳಿಗೆ ಹೊಳೆಯಿತು, ತಮಗೆ ಹೊಳೆಯಲಿಲ್ಲವಲ್ಲ ಎಂದು ಆ ಸಂಜೆಯೆಲ್ಲ ಹೊಟ್ಟೆ ಉರಿಸಿಕೊಂಡರು.